ಟ್ರ್ಯಾಕ್ ಇಲ್ಲದ ಹಾಡು

“ಸಾರ್, ಶಿಕಾಗೋಗೆ ಬಂದು ಮೂರು ತಿಂಗಳಾಯ್ತು. ರಾಜ್ಯೋತ್ಸವಕ್ಕೆ ಒಂದು ಹಳೇ ಹಾಡು, ಒಂದು ಹೊಸ ಹಾಡು ಹಾಡಿ, ಹಿನ್ನೆಲೆ ಸಂಗೀತದ ಟ್ರ್ಯಾಕ್ ಕಳಿಸಿ ಅಂದಿದ್ದಾರೆ. ಏನೇನು ನೋಡ್ಕೋಬೇಕು? ಅತ್ತೆಯವರೂ ಬಂದಿದ್ದಾರೆ, ಅವರಿಗೆ ಸೋಬಾನೆ ಬರುತ್ತೆ, ಕೇಳೋದಾ ಬೇಡ್ವಾ? ಹಾಗೇ ಇಲ್ಲಿನ ಚಳಿ, ಕಾರು ಬಗ್ಗೆನೂ ಹೇಳಿ.”

ಚಳಿಗೆ ಒಳ್ಳೆ ಜಾಕೆಟ್ಟು, ಅದಕ್ಕಿಂತ ಒಳ್ಳೆ ಬೂಟು. ಕಾರು ಹಳೇದೇ ಸಾಕು. ಅದನ್ನೆಲ್ಲ ಆಫೀಸಿನವರೇ ಹೇಳುತ್ತಾರೆ ಬಿಡಿ, ಹಾಡಿನ ವಿಷಯಕ್ಕೆ ಬರೋಣ.

ಹಳೇ ಸಿನಿಮಾ ಹಾಡು ಆರಿಸುವಾಗ ಎಲ್ಲರೂ ಪಲ್ಲವಿ ಹಾಡಿ ನೋಡಿ ‘ಆಗುತ್ತೆ’ ಅಂದುಕೊಳ್ಳುತ್ತಾರೆ. ನಿಜವಾದ ಪರೀಕ್ಷೆ ಇರೋದು ಚರಣದಲ್ಲಿ. ಅದರ ಅತಿ ಎತ್ತರದ ಸಾಲನ್ನು ಮೊದಲು ಹಾಡಿ ನೋಡಿ. ಅಲ್ಲಿ ಗಂಟಲು ಬಿಗಿದರೆ ಶ್ರುತಿ ಇಳಿಸಬೇಕು. ಆ್ಯಪ್‌ನಲ್ಲಿ ಕೀಬೋರ್ಡಿನ ಎರಡು ಮೂರು ಮನೆಯಷ್ಟು ಇಳಿಸಿದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಆದರೆ ತಬಲಾ ಡಬ್ಬ ಬಡಿದ ಹಾಗೆ ಕೇಳಿಸುತ್ತೆ. ಗಂಡಸರು ಹಾಡಿದ ಹಾಡಿಗೆ ಹೆಣ್ಣುಮಕ್ಕಳ ಶ್ರುತಿಯಲ್ಲೇ ಮಾಡಿದ ಟ್ರ್ಯಾಕ್ ಹುಡುಕೋದು ವಾಸಿ. ಹೊಸ ಹಾಡುಗಳಲ್ಲಿ ಕಷ್ಟ ಬೇರೆ, ಮಾತು ಜಾಸ್ತಿ, ಉಸಿರಿಗೆ ಜಾಗ ಕಮ್ಮಿ. ಜೊತೆಗೆ ಇನ್ನೊಬ್ಬರನ್ನು ಇಟ್ಟುಕೊಂಡು ಸಾಲು ಹಂಚಿಕೊಳ್ಳಿ.

ಟ್ರ್ಯಾಕನ್ನು ಫೈಲ್ ಮಾಡಿಯೇ ಕೊಡಿ, ಲಿಂಕ್ ಬೇಡ. ಒಂದು ವರ್ಷ ನಮ್ಮಲ್ಲಿ ಎರಡನೇ ಚರಣದ ಹೊತ್ತಿಗೆ ವಿಮೆಯ ಜಾಹೀರಾತು ಶುರುವಾಗಿ, ಪಾಪ ಹಾಡುತ್ತಿದ್ದವರು ಅದಕ್ಕೂ ತಾಳ ಹಾಕಿದರು. ಮತ್ತೆ, ನಿಮ್ಮ ಕಡೆ ಮುಖ ಮಾಡಿದ ಸ್ಪೀಕರ್ ವೇದಿಕೆ ಮೇಲೆ ಇದೆಯಾ ಕೇಳಿ. ಸಭಾಂಗಣದ ಹಿಂದಿನ ಗೋಡೆಗೆ ಬಡಿದು ಬರುವ ಸದ್ದನ್ನು ನಂಬಿ ಹಾಡಿದರೆ ತಾಳಕ್ಕಿಂತ ಹಿಂದೆ ಬೀಳುತ್ತೀರಿ.

ನಾಡಗೀತೆಯನ್ನು ಎಲ್ಲರೂ ಸೇರಿ ಹಾಡುತ್ತಾರೆ. ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿದೆ. ಆದರೂ ಅಶ್ವತ್ಥ್ ಅವರ ಧಾಟಿ ಬಾಯಿಗೆ ಹತ್ತಿದವರು ಇನ್ನೂ ಇದ್ದಾರೆ. ಎರಡು ಧಾಟಿ ಒಟ್ಟಿಗೆ ಹೊರಟರೆ ಏನಾಗುತ್ತೆ ಅಂತ ನೀವೇ ಊಹಿಸಿ!

ಇನ್ನು ಅತ್ತೆಯವರ ಸೋಬಾನೆ. ಕೇಳಿ, ಖಂಡಿತ ಕೇಳಿ. ಯಾಕೆ ಅಂತ ಹೇಳ್ತೀನಿ.

ನಾನು ಬಂದ ನಾಲ್ಕನೇ ವರ್ಷ ಅಮ್ಮ ಬಂದಿದ್ದರು. ಆ ಸಲ ಕಾರ್ಯಕ್ರಮದ ಪಟ್ಟಿ ನನ್ನ ಕೈಯಲ್ಲಿತ್ತು. ಹದಿನೆಂಟು ಹಾಡು, ತಲಾ ಐದು ನಿಮಿಷ, ಒಂದೂವರೆ ಗಂಟೆ ಅಂತ ಲೆಕ್ಕ ಹಾಕಿದೆ. ಒಬ್ಬರು ಇಳಿದು ಇನ್ನೊಬ್ಬರು ಹತ್ತಿ, ಮೈಕು ಸರಿ ಮಾಡಿ, ‘ಕೇಳಿಸ್ತಿದೆಯಾ’ ಅನ್ನೋಕೆ ಎರಡೆರಡು ನಿಮಿಷ ಬೇಕು ಅನ್ನೋದು ಹೊಳೆಯಲೇ ಇಲ್ಲ. ಅಲ್ಲೇ ಮೂವತ್ತಾರು ನಿಮಿಷ ಹೋಯಿತು. ಸ್ಕೂಲಿನ ಸಭಾಂಗಣ, ಒಂಬತ್ತಕ್ಕೆ ಬೀಗ. ಎಂಟು ಗಂಟೆಗೆ ಇನ್ನೂ ಆರು ಹಾಡು ಬಾಕಿ, ಊಟ ಬೇರೆ ಆರಿ ಹೋಗ್ತಿತ್ತು. ನಾನು ಪೆನ್ನು ತೆಗೆದುಕೊಂಡು ಟ್ರ್ಯಾಕ್ ಇಲ್ಲದವರನ್ನು ಹೊಡೆದು ಹಾಕಿದೆ. ಟ್ರ್ಯಾಕ್ ಕಳಿಸಿದವರು ತಿಂಗಳಿಂದ ಅಭ್ಯಾಸ ಮಾಡಿದ್ದಾರಲ್ಲ, ಅವರನ್ನು ಬಿಡೋದು ಹೇಗೆ ಅಂತ. ಟ್ರ್ಯಾಕ್ ಇಲ್ಲದೆ ಇದ್ದದ್ದು ಒಂದೇ, ಅಮ್ಮನ ಬೀಸುವ ಪದ, ಹದಿನೇಳನೇದು.

ಮಧ್ಯಾಹ್ನದಿಂದ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಲ್ಲಿ ಕೂತಿದ್ದರು. ಹೋಗಿ ಹೇಳಿದೆ. “ಇರಲಿ ಬಿಡೋ, ಹುಡುಗರು ಹಾಡಲಿ” ಅಂದರು. ಮನೆಗೆ ಬಂದ ಮೇಲೆ ‘ಈಗ ಹಾಡಮ್ಮಾ’ ಅಂತ ನಾನೂ ಕೇಳಲಿಲ್ಲ. ಸುಸ್ತಾಗಿತ್ತು. ಜನವರಿಯಲ್ಲಿ ಊರಿಗೆ ಹೋದರು, ಮತ್ತೆ ಬರೋಕೆ ಆಗಲೇ ಇಲ್ಲ. ಆ ಪದದ ಮೊದಲ ಎರಡು ಸಾಲು ನನಗೆ ಬರುತ್ತೆ, ಮೂರನೇದು ಎಷ್ಟು ನೆನೆಸಿಕೊಂಡರೂ ಬರೋದಿಲ್ಲ.

ಅದಕ್ಕೇ ಹೇಳ್ತಿರೋದು, ಅತ್ತೆಯವರ ಹೆಸರು ಪಟ್ಟಿಯಲ್ಲಿ ಎಷ್ಟನೇದು ಅಂತ ಇವತ್ತೇ ವಿಚಾರಿಸಿ. ನಾಡಗೀತೆ ಆದ ಕೂಡಲೇ ಇಡಿಸಿ, ಆಗ ಯಾರೂ ಗಡಿಯಾರ ನೋಡುತ್ತಿರೋದಿಲ್ಲ. ಸೋಬಾನೆಗೆ ಒಬ್ಬರು ಹೇಳಿದ್ದನ್ನು ಹಿಂದೆ ಹಿಡಿಯೋರು ಬೇಕು, ನೀವು ಮತ್ತು ಇನ್ನಿಬ್ಬರು ಜೊತೆಗೆ ನಿಲ್ಲಿ. ಕೈಗೆ ಮೈಕು ಕೊಡಬೇಡಿ, ಸ್ಟ್ಯಾಂಡಿನಲ್ಲಿ ಇಡಿಸಿ. ಅಭ್ಯಾಸ ಇಲ್ಲದವರು ಹಾಡ್ತಾ ಹಾಡ್ತಾ ಮೈಕನ್ನು ಮಡಿಲಿಗೆ ಇಳಿಸಿಬಿಡುತ್ತಾರೆ. ಅದಕ್ಕೂ ಮೊದಲು, ಈ ವಾರವೇ ಅಡುಗೆಮನೆಯಲ್ಲಿ ಅವರು ಹಾಡೋದನ್ನು ಫೋನಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ಎಕ್ಸಾಸ್ಟ್ ಫ್ಯಾನ್ ಆರಿಸೋದು ಮರೀಬೇಡಿ.