ಕೋಲು ತಗ್ಗಿಸಿದರೆ ಸಾಲದು, ಹತ್ತಿರ ತನ್ನಿ

ಪ್ರಶ್ನೆ: ಪೆರ್ಲದ ಹತ್ತಿರ ಏಳನೇ ತರಗತಿಯ ಮಕ್ಕಳಿಗೆ ಹರ್ಡಲ್ಸ್ ಕಲಿಸುತ್ತಿದ್ದೇನೆ. ಎತ್ತರವನ್ನು ಮೊಣಕಾಲಿಗಿಂತ ಕೆಳಗೆ ಇಳಿಸಿದರೂ ಎರಡನೆಯದರ ಮುಂದೆ ತಡವರಿಸಿ ನಿಲ್ಲುತ್ತಾರೆ. ಹೆದರಿಕೆ ಬಿಡಿಸುವುದು ಹೇಗೆ?

ಅದು ಹೆದರಿಕೆಯೇ ಅಲ್ಲ. ಹೆದರುವ ಮಗು ಮೊದಲನೆಯದರ ಮುಂದೆಯೇ ನಿಲ್ಲುತ್ತಿತ್ತು. ನಾನೂ ಒಂದು ಇಡೀ ಮಳೆಗಾಲ ಇದನ್ನು ಹೆದರಿಕೆ ಎಂದೇ ತಿಳಿದು ಮಕ್ಕಳಿಗೆ ಧೈರ್ಯ ತುಂಬುತ್ತಾ ಕಳೆದೆ.

ಬದಿಯಡ್ಕದ ಕಡೆಯ ಒಂದು ಮುರಕಲ್ಲಿನ ಮೈದಾನ. ಉಪಜಿಲ್ಲಾ ಕ್ರೀಡಾಕೂಟಕ್ಕೆ ಏಳು ವಾರ ಬಾಕಿ ಇತ್ತು. ಹೆಂಗಸರ 100 ಮೀಟರ್ ಹರ್ಡಲ್ಸ್‌ನಲ್ಲಿ ಎರಡು ತಡೆಗಳ ನಡುವೆ 8.5 ಮೀಟರ್, ಅದನ್ನು ಮೂರು ಹೆಜ್ಜೆಯಲ್ಲಿ ಓಡಬೇಕು ಎಂಬುದು ನನಗೆ ಗೊತ್ತಿತ್ತು. ಮಕ್ಕಳಲ್ಲವೇ ಎಂದು ಅರ್ಧ ಮೀಟರ್ ಕಡಿಮೆ ಮಾಡಿ 8 ಮೀಟರಿಗೆ ಗೆರೆ ಎಳೆದೆ. ಎತ್ತರವನ್ನು ಮಾತ್ರ ಧಾರಾಳವಾಗಿ ತಗ್ಗಿಸಿದೆ. ನನ್ನ ತಪ್ಪು ಇದೊಂದೇ. ಉಳಿದದ್ದೆಲ್ಲ ಇದರಿಂದಲೇ ಹುಟ್ಟಿತು.

ಲೆಕ್ಕ ನೋಡಿ. ಅಲ್ಲಿದ್ದ ಹನ್ನೆರಡು ವರ್ಷದ ಒಬ್ಬ ಹುಡುಗಿ ತಗ್ಗಿನ ಕೋಲಿಗಿಂತ ಸುಮಾರು 1.3 ಮೀಟರ್ ಹಿಂದೆ ಕಾಲೆತ್ತುತ್ತಿದ್ದಳು, ದಾಟಿದ ಮೇಲೆ ಸುಮಾರು 0.9 ಮೀಟರ್ ಮುಂದೆ ಇಳಿಯುತ್ತಿದ್ದಳು. ಎಂಟರಲ್ಲಿ ಈ 2.2 ಹೋದರೆ 5.8 ಮೀಟರ್ ಉಳಿಯಿತು. ಅದನ್ನು ಮೂರು ಹೆಜ್ಜೆಗೆ ಹಂಚಿದರೆ ಒಂದೊಂದೂ 1.9 ಮೀಟರಿಗೂ ಹೆಚ್ಚು. ಅವಳ ಸಹಜ ಹೆಜ್ಜೆ ಇದ್ದದ್ದು ಒಂದೂವರೆ ಮೀಟರಿನ ಆಸುಪಾಸು. ಮೂರರಲ್ಲಿ ಮುಗಿಸಲು ಅವಳು ಜಿಗಿಜಿಗಿದು ಬರಬೇಕು. ಜಿಗಿದರೆ ವೇಗ ಸಾಯುತ್ತದೆ. ಅಥವಾ ನಾಲ್ಕನೆಯ ಹೆಜ್ಜೆ ತುರುಕಬೇಕು. ತುರುಕಿದರೆ ಇಷ್ಟು ಹೊತ್ತು ಮುಂದೆ ಹೋಗುತ್ತಿದ್ದ ಬಲಗಾಲು ಈಗ ನೆಲದಲ್ಲಿ, ಎಡಗಾಲು ಮುಂದೆ. ಕಲಿಯದ ಕಾಲಿನಲ್ಲಿ ದಾಟು ಎಂದರೆ ಮಗು ತಡವರಿಸದೆ ಇನ್ನೇನು ಮಾಡೀತು?

ಇದು ನನಗೆ ಹೊಳೆದದ್ದು ಮೈದಾನ ಒದ್ದೆಯಾಗಿದ್ದ ಒಂದು ಬೆಳಿಗ್ಗೆ. ಕೆಂಪು ಮಣ್ಣಿನಲ್ಲಿ ಅವಳ ಪಾದಗಳು ಅಚ್ಚೊತ್ತಿದ್ದವು. ಮೂರನೆಯ ಗುರುತು ಕೋಲಿನಿಂದ ತುಂಬ ಹಿಂದೆ, ನಾಲ್ಕನೆಯದು ಕೋಲಿಗೆ ತಾಗಿದಂತೆ, ಅದರಲ್ಲಿ ಹಿಮ್ಮಡಿ ಆಳಕ್ಕೆ ಇಳಿದಿತ್ತು. ಅಂದರೆ ಅವಳು ಅಲ್ಲಿ ಬ್ರೇಕ್ ಹಾಕಿದ್ದಳು. ಅಷ್ಟರಲ್ಲಿ ಕ್ರೀಡಾಕೂಟಕ್ಕೆ ಐದೇ ದಿನ ಉಳಿದಿತ್ತು. ಅವಳು ಎರಡನೇ ತಡೆಯಲ್ಲೇ ಬಿದ್ದಳು. ಮರುವರ್ಷ ಉದ್ದಜಿಗಿತಕ್ಕೆ ಹೆಸರು ಕೊಟ್ಟಳು, ಹರ್ಡಲ್ಸ್ ಕಡೆ ತಿರುಗಿ ನೋಡಲಿಲ್ಲ. ಆ ಹುಡುಗಿಯ ಲಯ ಕೆಡಿಸಿದವನು ನಾನು.

ಈಗ ನಾನು ಮಾಡುವುದು ಹೀಗೆ. ತಡೆಗಳನ್ನು ಶೆಡ್ಡಿನಲ್ಲೇ ಬಿಡುತ್ತೇನೆ. ಅಡಿಕೆ ಮರದ ಸೀಳುಗಳನ್ನು ನೆಲದ ಮೇಲೆ ಅಡ್ಡ ಇಡುತ್ತೇನೆ, ಐದೇ ಸಾಕು. ಮಗು ಏನೂ ಇಲ್ಲದ ನೆಲದಲ್ಲಿ ಎಂಟು ಹೆಜ್ಜೆ ಓಡಲಿ. ಎಂಟನೆಯ ಪಾದ ಬಿದ್ದಲ್ಲಿಂದ ಅದರದೇ ಆರು ಪಾದ ಮುಂದೆ ಮೊದಲ ಸೀಳು. ಬಲಗಾಲು ಮುಂದೆ ಹೋಗುವವರು ಹೊರಡುವಾಗ ಎಡಗಾಲನ್ನು ಮುಂದಿಟ್ಟು ನಿಲ್ಲಬೇಕು, ಆಗ ಎಂಟನೆಯದು ಎಡವೇ ಆಗುತ್ತದೆ. ಸೀಳುಗಳ ನಡುವೆ 6.5 ಮೀಟರ್, ಚಿಕ್ಕ ಮಕ್ಕಳಿಗೆ 6. ಲೆಕ್ಕವನ್ನು ನಾನು ಬಾಯಿತಾಳದಲ್ಲಿ ಹೇಳಿಸುತ್ತೇನೆ. ಇಳಿದ ಪಾದಕ್ಕೆ ‘ಧಿಂ’, ಮುಂದಿನ ಮೂರಕ್ಕೆ ‘ತಕಿಟ’. ಯಕ್ಷಗಾನ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ಎರಡೇ ದಿನದಲ್ಲಿ ಹಿಡಿಯುತ್ತದೆ. ನೀವು ಬೆನ್ನು ತಿರುಗಿಸಿ ನಿಂತು ಕೇಳಿ: ‘ಟ’ ತಡವಾಗಿ ಬಿದ್ದರೆ ಅಂತರ ಹೆಚ್ಚಾಗಿದೆ, ಮೂರೂ ಗುದ್ದಿಕೊಂಡು ಬಂದರೆ ಕಡಿಮೆಯಾಗಿದೆ.

ಮುಂಗಾಲಿನ ಅಭ್ಯಾಸ ಬೇರೆಯೇ ನಡೆಯಲಿ. ಸೀಳನ್ನು ಎರಡು ತೆಂಗಿನ ಸಿಪ್ಪೆಗಳ ಮೇಲಿಟ್ಟು, ಅದರ ಅಂಚಿನಲ್ಲಿ ನಡೆಯುತ್ತಾ ಬಲಗಾಲನ್ನು ಮಾತ್ರ ದಾಟಿಸಬೇಕು. ಎಡಗಾಲು ಪಕ್ಕದ ಬರಿನೆಲದಲ್ಲಿ ಬರುತ್ತದೆ. ಮೊದಲು ಮಂಡಿ ಏಳಬೇಕು, ಆಮೇಲೆ ಮೊಣಕಾಲಿನ ಕೆಳಭಾಗ ಬಿಚ್ಚಿಕೊಳ್ಳಬೇಕು, ದಾಟಿದ ಕೂಡಲೇ ಪಾದವನ್ನು ನೆಲಕ್ಕೆ ಎಳೆದುಕೊಳ್ಳಬೇಕು. ಕಾಲನ್ನು ನೆಟ್ಟಗೆ ಬೀಸಿದರೆ ಸೊಂಟ ಹಿಂದೆ ಉಳಿದು ಹಿಮ್ಮಡಿ ಧೊಪ್ಪೆಂದು ಬೀಳುತ್ತದೆ. ಆ ಸದ್ದು ಕೇಳಿದರೆ ಮತ್ತೆ ನಡಿಗೆಗೆ ಇಳಿಸಿ.

ಐದೂ ಸೀಳುಗಳಲ್ಲಿ ತಾಳ ಕೆಡದೆ ಬಂದರೆ ಮಾತ್ರ ಸಿಪ್ಪೆಯ ಎತ್ತರಕ್ಕೆ ಏರಿಸಿ. ಎತ್ತರ ಏರಿಸಿದ ವಾರ ಅಂತರ ಮುಟ್ಟಬೇಡಿ, ಅಂತರ ಒಂದು ಪಾದ ಹೆಚ್ಚಿಸಿದ ವಾರ ಎತ್ತರ ಮುಟ್ಟಬೇಡಿ. ಸ್ಪರ್ಧೆಯ ಅಂತರಕ್ಕೆ ಮೂರು ಹೆಜ್ಜೆ ಸಾಲದ ಮಗು ಈ ವರ್ಷ ಐದರಲ್ಲಿ ಓಡಲಿ. ನಿಧಾನವಾದೀತು, ಆದರೆ ಕಾಲು ಬದಲಾಗುವುದಿಲ್ಲ.

ನಿಜವಾದ ತಡೆಗಳನ್ನು ಹೊರತೆಗೆಯುವ ದಿನ ಅವುಗಳ ಅಡಿಪಟ್ಟಿ ಓಡಿ ಬರುವವರ ಕಡೆಗಿರಲಿ. ತಿರುಗಿಸಿ ಇಟ್ಟರೆ ಕಾಲು ತಾಗಿದಾಗ ಉರುಳುವುದಿಲ್ಲ, ಮಗುವೇ ಉರುಳುತ್ತದೆ.