ಸಕ್ಕರೆ ಕಾಯಿಲೆ ಮತ್ತು ನಿಮಿರುವಿಕೆ: ಮಾತ್ರೆ ಕೆಲಸ ಮಾಡಬೇಕಾದರೂ ನರ ಉಳಿದಿರಬೇಕು

ಪ್ರಶ್ನೆ: ನನಗೆ 48 ವರ್ಷ. ಶುಗರ್ ಬಂದು ಒಂಬತ್ತು ವರ್ಷ ಆಯ್ತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ಅಟೆನೊಲಾಲ್ ತಗೋತೀನಿ. ದಿನಕ್ಕೆ ಏಳೆಂಟು ಬೀಡಿ ಸೇದ್ತೀನಿ. ಒಂದು ವರ್ಷದಿಂದ ನಿಮಿರುವಿಕೆ ಕಡಿಮೆಯಾಗ್ತಾ ಬಂದು ಈಗ ಕೂಡುವಷ್ಟು ಗಟ್ಟಿ ಆಗೋದಿಲ್ಲ, ಬೆಳಗಿನ ಜಾವದಲ್ಲೂ ಇಲ್ಲ. ಆಸೆ ಮೊದಲಿನಂತೇ ಇದೆ. ರಾತ್ರಿ ಪಾದ ಉರಿಯುತ್ತೆ. ಮೊನ್ನೆ ಎಚ್‌ಬಿಎ1ಸಿ 9.4 ಬಂತು. ಸ್ನೇಹಿತ ಕೊಟ್ಟ ಮಾತ್ರೆ ಒಮ್ಮೆ ರಾತ್ರಿ ಊಟ ಆದ ಮೇಲೆ ತಗೊಂಡೆ, ಏನೂ ಆಗಲಿಲ್ಲ. ಶುಗರ್ ಕಂಟ್ರೋಲಿಗೆ ಬಂದ್ರೆ ಇದು ಸರಿಹೋಗುತ್ತಾ?

ಉತ್ತರ: ಒಂದಷ್ಟು ಸರಿಹೋಗುತ್ತದೆ, ಪೂರ್ತಿ ಹಳೆಯ ಸ್ಥಿತಿಗೆ ಬರುತ್ತದೆಂದು ಮಾತು ಕೊಡಲಾಗದು. ಎಷ್ಟು ಮರಳುತ್ತದೆ ಎನ್ನುವುದು ನಿಮ್ಮ ನರ ಮತ್ತು ರಕ್ತನಾಳಗಳಲ್ಲಿ ಎಷ್ಟು ಭಾಗ ಬರೀ ಸೊರಗಿದೆ, ಎಷ್ಟು ಭಾಗ ಸತ್ತೇಹೋಗಿದೆ ಎನ್ನುವುದರ ಮೇಲೆ ನಿಂತಿದೆ. ಸೊರಗಿದ್ದು ಚೇತರಿಸಿಕೊಳ್ಳುತ್ತದೆ. ಸತ್ತದ್ದು ಬಹುತೇಕ ಮರಳುವುದಿಲ್ಲ.

ಶಿಶ್ನದೊಳಗೆ ಉದ್ದಕ್ಕೆ ಎರಡು ಕೊಳವೆಗಳಿವೆ. ಅವುಗಳ ಒಳಗೆಲ್ಲ ಸ್ಪಂಜಿನಂಥ ಅಂಗಾಂಶ, ಅದರ ಗೋಡೆಗಳಲ್ಲಿ ನಯವಾದ ಸ್ನಾಯು. ಸಾಮಾನ್ಯ ಹೊತ್ತಿನಲ್ಲಿ ಈ ಸ್ನಾಯು ಬಿಗಿದುಕೊಂಡಿರುತ್ತದೆ, ರಕ್ತ ಸ್ವಲ್ಪವೇ ಒಳಗೆ ಹೋಗುತ್ತದೆ. ಆಸೆ ಹುಟ್ಟಿದಾಗ ಬೆನ್ನುಹುರಿಯ ಕೆಳತುದಿಯಿಂದ ಹೊರಟ ನರಗಳು ಇಲ್ಲಿಗೆ ಬಂದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದು ಸ್ನಾಯುವಿನ ಒಳಗೆ ಸಿಜಿಎಂಪಿ ಎಂಬ ಇನ್ನೊಂದು ವಸ್ತುವನ್ನು ಹುಟ್ಟಿಸುತ್ತದೆ, ಸ್ನಾಯು ಸಡಿಲವಾಗುತ್ತದೆ, ರಕ್ತ ನುಗ್ಗುತ್ತದೆ. ರಕ್ತ ನುಗ್ಗತೊಡಗಿದ ಮೇಲೆ ರಕ್ತನಾಳದ ಒಳಪದರವೂ ಅದೇ ಅನಿಲವನ್ನು ಬಿಟ್ಟು ನಿಮಿರುವಿಕೆಯನ್ನು ಹಿಡಿದಿಡುತ್ತದೆ. ಉಬ್ಬಿದ ಸ್ಪಂಜು ರಕ್ತ ಹೊರಗೆ ಹೋಗುವ ಸಣ್ಣ ಸಿರೆಗಳನ್ನು ಹೊರಪದರಕ್ಕೆ ಒತ್ತಿ ಮುಚ್ಚುವುದರಿಂದ ಗಡಸುತನ ಬರುತ್ತದೆ. ಅಂದರೆ ಶುರು ಮಾಡುವುದು ನರ, ಉಳಿಸಿಕೊಳ್ಳುವುದು ರಕ್ತನಾಳ. ಸಕ್ಕರೆ ಕಾಯಿಲೆ ಎರಡಕ್ಕೂ ಕೈಹಾಕುತ್ತದೆ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಅದು ಪ್ರೋಟೀನುಗಳಿಗೆ ಅಂಟಿಕೊಂಡು ರಕ್ತನಾಳದ ಗೋಡೆಯನ್ನು ಬಿರುಸು ಮಾಡುತ್ತದೆ. ಒಳಪದರ ತಯಾರಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ತಯಾರಾದದ್ದೂ ಕೆಲಸ ಮಾಡುವ ಮುನ್ನವೇ ನಾಶವಾಗುತ್ತದೆ. ಬೀಡಿಯ ಹೊಗೆ ಮಾಡುವುದೂ ಇದನ್ನೇ, ಆದ್ದರಿಂದ ನಿಮ್ಮಲ್ಲಿ ಒಂದೇ ಜಾಗಕ್ಕೆ ಎರಡು ಏಟು ಬೀಳುತ್ತಿದೆ. ನರದ ಕಥೆ ಇನ್ನೊಂದು ಬಗೆ. ಪ್ರತಿ ನರಕ್ಕೂ ಆಹಾರ ಕೊಡುವ ಕೂದಲೆಳೆಗಿಂತ ಸಣ್ಣ ರಕ್ತನಾಳಗಳಿರುತ್ತವೆ. ಅವು ಕಟ್ಟಿಕೊಂಡಾಗ ನರದ ಎಳೆಗಳು ಉಪವಾಸ ಬೀಳುತ್ತವೆ. ಜೊತೆಗೆ ನರಕೋಶದೊಳಗೆ ಹೊಕ್ಕ ಹೆಚ್ಚಿನ ಗ್ಲೂಕೋಸ್ ಸಾರ್ಬಿಟಾಲ್ ಆಗಿ ಮಾರ್ಪಡುತ್ತದೆ, ಆ ಕೆಲಸಕ್ಕೆ ಕೋಶವು ತನ್ನ ರಕ್ಷಣೆಗೆ ಬೇಕಾದ ವಸ್ತುಗಳನ್ನೇ ಖರ್ಚು ಮಾಡಿಕೊಳ್ಳುತ್ತದೆ. ಉದ್ದದ ಎಳೆಗಳು ಮೊದಲು ಕೆಡುವುದರಿಂದ ತೊಂದರೆ ಪಾದದಿಂದ ಶುರುವಾಗುತ್ತದೆ. ನಿಮ್ಮ ಪಾದದ ಉರಿ ಮತ್ತು ಈ ತೊಂದರೆ ಎರಡೂ ಒಂದೇ ಕಾಲದಲ್ಲಿ ಬಂದಿರುವುದು ಕಾಕತಾಳೀಯವಲ್ಲ.

ನಿಮ್ಮ ಪತ್ರದಲ್ಲಿ ಮೂರು ಮಾತು ಮುಖ್ಯ: ನಿಧಾನವಾಗಿ ಹೆಚ್ಚಿದ್ದು, ಬೆಳಗಿನ ಜಾವದಲ್ಲೂ ನಿಮಿರದಿರುವುದು, ಆಸೆ ಕುಂದದಿರುವುದು. ಮನಸ್ಸಿನ ಒತ್ತಡವೇ ಕಾರಣವಾಗಿದ್ದರೆ ಸಾಮಾನ್ಯವಾಗಿ ಒಂದು ದಿನದಿಂದ ಇನ್ನೊಂದು ದಿನಕ್ಕೆ ಇದ್ದಕ್ಕಿದ್ದಂತೆ ಶುರುವಾಗುತ್ತದೆ, ಬೆಳಗಿನ ನಿಮಿರುವಿಕೆ ಉಳಿದಿರುತ್ತದೆ. ಹಾರ್ಮೋನ್ ಕೊರತೆಯಾದರೆ ಮೊದಲು ಆಸೆಯೇ ಬತ್ತುತ್ತದೆ. ನಿಮ್ಮದು ನರ, ರಕ್ತನಾಳದ ಕಡೆಗೇ ಬೆರಳು ತೋರಿಸುತ್ತದೆ. ಆದರೂ ಸಕ್ಕರೆ ಕಾಯಿಲೆಯವರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ ಇರುವುದು ಸಾಮಾನ್ಯ, ಹಾಗಾಗಿ ಬೆಳಗ್ಗೆ 11 ಗಂಟೆಯೊಳಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಕಡಿಮೆ ಬಂದರೆ ಮತ್ತೊಂದು ದಿನ ಮತ್ತೆ ನೋಡಬೇಕು, ಒಂದೇ ವರದಿ ನಂಬಿ ಇಂಜೆಕ್ಷನ್ ಶುರು ಮಾಡಬಾರದು.

ಈಗ ಸಕ್ಕರೆಯ ವಿಷಯ. 9.4 ಎಂದರೆ ಕಳೆದ ಎರಡು ಮೂರು ತಿಂಗಳು ನಿಮ್ಮ ರಕ್ತದ ಸಕ್ಕರೆ ಹಗಲು ರಾತ್ರಿ ಸೇರಿ ಸರಾಸರಿ 223ರ ಆಸುಪಾಸಿನಲ್ಲಿತ್ತು. 7ಕ್ಕೆ ಬಂದರೆ ಆ ಸರಾಸರಿ 154. ಲ್ಯಾಬಿಗೆ ಹೋಗುವ ಮುಂಚಿನ ನಾಲ್ಕು ದಿನ ಪಥ್ಯ ಮಾಡಿದರೆ ಖಾಲಿ ಹೊಟ್ಟೆಯ ಸಕ್ಕರೆ ಚೆನ್ನಾಗಿ ಬರಬಹುದು, ಈ ಸಂಖ್ಯೆ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಸಕ್ಕರೆ ಇಳಿದಾಗ ಮೊದಲು ಚೇತರಿಸಿಕೊಳ್ಳುವುದು ರಕ್ತನಾಳದ ಒಳಪದರ. ನರ ಬಹಳ ನಿಧಾನ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಸಕ್ಕರೆ ಕಾಯಿಲೆಯವರನ್ನು ಅನುಸರಿಸಿದ, 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ ಬಿಗಿಯಾದ ನಿಯಂತ್ರಣವು ನರದ ತೊಂದರೆಯನ್ನು ಸುಮಾರು 60 ಶೇಕಡಾ ತಗ್ಗಿಸಿತು. ನಿಮ್ಮದು ಬಹುಶಃ ಟೈಪ್ 2, ಅದರಲ್ಲಿ ಲಾಭ ಇಷ್ಟು ಎದ್ದು ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ಬಿಪಿ, ಕೊಲೆಸ್ಟರಾಲ್, ಬೊಜ್ಜು, ಹೊಗೆ ಎಲ್ಲ ಸೇರಿ ಕೆಡಿಸಿರುತ್ತವೆ. ಸಕ್ಕರೆ ಒಂದನ್ನೇ ಇಳಿಸಿ ಉಳಿದವನ್ನು ಬಿಟ್ಟರೆ ಫಲ ಅರೆಬರೆ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಉತ್ಸಾಹದಲ್ಲಿ ಊಟ ಬಿಟ್ಟು, ಮಾತ್ರೆ ಏರಿಸಿ, ಸಕ್ಕರೆಯನ್ನು ಧಡಾರನೆ ಬೀಳಿಸಬೇಡಿ. ಬಹುಕಾಲ ಏರಿದ್ದ ಎಚ್‌ಬಿಎ1ಸಿ ಮೂರು ತಿಂಗಳಲ್ಲಿ 2ಕ್ಕಿಂತ ಹೆಚ್ಚು ಇಳಿದರೆ ಕೆಲವರಲ್ಲಿ ನರದ ನೋವು ಇದ್ದಕ್ಕಿದ್ದಂತೆ ಉಲ್ಬಣಿಸುತ್ತದೆ, ಕಣ್ಣಿನ ಅಕ್ಷಿಪಟಲದ ತೊಂದರೆಯೂ ಹೆಚ್ಚಬಹುದು. ನಿಮಗೆ ಮೂರು ತಿಂಗಳ ಕೊನೆಗೆ 8ರ ಹತ್ತಿರ, ಆರು ತಿಂಗಳಿಗೆ 7ರ ಆಸುಪಾಸು ಎನ್ನುವುದು ಸರಿಯಾದ ಗತಿ. ಅದಕ್ಕೂ ಮುಂಚೆ ಒಮ್ಮೆ ಕಣ್ಣಿನ ಹಿಂಭಾಗವನ್ನು ತೋರಿಸಿಕೊಳ್ಳಿ.

ತಟ್ಟೆಯಲ್ಲಿ ದೊಡ್ಡ ಬದಲಾವಣೆ ಬೇಕಿರುವುದು ಅನ್ನ ಅಥವಾ ಮುದ್ದೆಯ ಅಳತೆಯಲ್ಲಿ. ಎರಡು ಮುದ್ದೆ ತಿಂದು ಮೇಲೆ ಅನ್ನ ಹಾಕಿಕೊಳ್ಳುವವರು ರಾಗಿ ಒಳ್ಳೆಯದೆಂದು ಸಮಾಧಾನ ಪಟ್ಟುಕೊಳ್ಳುವುದುಂಟು, ಆದರೆ ರಾಗಿಯೂ ಪಿಷ್ಟವೇ. ಒಂದು ಸಣ್ಣ ಮುದ್ದೆ, ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಳು ಅಥವಾ ಮೊಟ್ಟೆ, ಮೀನು ಇರಲಿ. ಊಟದ ಎರಡು ಗಂಟೆ ನಂತರ ಗ್ಲೂಕೋಮೀಟರಿನಲ್ಲಿ ನೋಡಿದರೆ ನಿಮ್ಮ ಅಳತೆ ನಿಮಗೇ ತಿಳಿಯುತ್ತದೆ, 180ರ ಒಳಗಿರಬೇಕು. ವಾರಕ್ಕೆ ನಾಲ್ಕು ದಿನ 40 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವ ವೇಗದಲ್ಲಿ ನಡೆಯಿರಿ. ಆರು ತಿಂಗಳು ಇಷ್ಟು ನಡೆದವರಲ್ಲಿ ನಿಮಿರುವಿಕೆ ಸುಧಾರಿಸಿರುವುದು ಅಧ್ಯಯನಗಳಲ್ಲಿ ಕಂಡಿದೆ. ಗ್ಲಿಮೆಪಿರೈಡ್ ತಗೊಳ್ಳುವವರಾದ್ದರಿಂದ ನಡೆಯುವಾಗಲೂ, ಕೂಡುವಾಗಲೂ ಸಕ್ಕರೆ ತೀರಾ ಇಳಿಯುವ ಸಾಧ್ಯತೆಯಿದೆ. ಅಟೆನೊಲಾಲ್ ಎದೆಬಡಿತ, ನಡುಕವನ್ನು ಮುಚ್ಚಿಡುತ್ತದೆ, ಬೆವರೊಂದು ಮಾತ್ರ ಉಳಿಯುತ್ತದೆ. ಕಾರಣವಿಲ್ಲದೆ ಬೆವರಿದರೆ ಸಕ್ಕರೆ ನೋಡಿ.

ನಿಮ್ಮ ಮಾತ್ರೆಗಳಲ್ಲೂ ಎರಡು ಕಡೆ ಗಮನ ಬೇಕು. ಅಟೆನೊಲಾಲ್‌ನಂಥ ಹಳೆಯ ಬೀಟಾ ಬ್ಲಾಕರ್ ನಿಮಿರುವಿಕೆಯನ್ನು ತಗ್ಗಿಸಬಹುದು. ಹೃದಯದ ಕಾರಣಕ್ಕೆ ಕೊಟ್ಟದ್ದಲ್ಲವಾದರೆ ಟೆಲ್ಮಿಸಾರ್ಟಾನ್‌ನಂಥದ್ದಕ್ಕೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ನೀವೇ ಒಮ್ಮೆಲೇ ನಿಲ್ಲಿಸಬಾರದು, ಬಿಪಿ ಮತ್ತು ಎದೆಬಡಿತ ಏಕಾಏಕಿ ಏರುತ್ತವೆ. ಮೆಟ್‌ಫಾರ್ಮಿನ್ ಅನೇಕ ವರ್ಷ ತಗೊಂಡವರಲ್ಲಿ ಬಿ12 ಕುಸಿಯುತ್ತದೆ, ಅದರಿಂದಲೂ ಪಾದ ಉರಿಯುತ್ತದೆ. ಅದು ಇಂಜೆಕ್ಷನ್ನಿನಲ್ಲೋ ಮಾತ್ರೆಯಲ್ಲೋ ಸರಿಯಾಗುವಂಥದ್ದು, ಪರೀಕ್ಷಿಸದೆ ಎಲ್ಲವನ್ನೂ ಶುಗರಿನ ತಲೆಗೆ ಕಟ್ಟಬಾರದು.

ಸ್ನೇಹಿತರ ಮಾತ್ರೆ ಯಾಕೆ ಫಲ ಕೊಡಲಿಲ್ಲ? ಅದು ಸಿಲ್ಡೆನಾಫಿಲ್ ಆಗಿದ್ದರೆ, ಎಣ್ಣೆ ತುಪ್ಪದ ಊಟದ ಮೇಲೆ ತಡವಾಗಿ ಹೀರಿಕೊಳ್ಳುತ್ತದೆ. ಅದನ್ನು ಕೂಡುವ ಒಂದು ಗಂಟೆ ಮುಂಚೆ, ಹೊಟ್ಟೆ ಹಗುರ ಇದ್ದಾಗ ತಗೋಬೇಕು. ಎರಡನೆಯದು ಇನ್ನೂ ಮುಖ್ಯ: ಈ ಮಾತ್ರೆ ನಿಮಿರುವಿಕೆಯನ್ನು ತಾನೇ ಹುಟ್ಟಿಸುವುದಿಲ್ಲ, ನರ ಬಿಟ್ಟ ಅನಿಲದಿಂದ ಹುಟ್ಟಿದ ಸಿಜಿಎಂಪಿ ಬೇಗ ಒಡೆಯದಂತೆ ತಡೆಯುತ್ತದೆ ಅಷ್ಟೇ. ಸ್ಪರ್ಶ, ಉದ್ರೇಕ ಇಲ್ಲದೆ ಕಾದು ಕೂತರೆ ಏನೂ ಆಗದು. ನರವೇ ಅನಿಲ ಬಿಡದಿದ್ದರೆ ಮಾತ್ರೆಗೆ ಕೆಲಸವೂ ಇಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಉಳಿದವರಿಗಿಂತ ಕಡಿಮೆ ಫಲ ಕೊಡುವುದು ಇದಕ್ಕೇ, ಸಕ್ಕರೆ ನಿಯಂತ್ರಣ ಮಾತ್ರೆಯ ಫಲಕ್ಕೂ ಬೇಕಾಗುವುದು ಇದಕ್ಕೇ. ಒಂದು ಸಲ ಸೋತದ್ದನ್ನು ಸೋಲೆಂದು ಎಣಿಸಬೇಡಿ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ ಶುರುಮಾಡಿ, ಬೇಕಾದರೆ 100ಕ್ಕೆ ಏರಿಸಿ, ಬೇರೆ ಬೇರೆ ದಿನ ಆರೆಂಟು ಸಲ ಸರಿಯಾದ ಕ್ರಮದಲ್ಲಿ ನೋಡಿದ ಮೇಲಷ್ಟೇ ಆಗುವುದಿಲ್ಲ ಎನ್ನಬಹುದು. ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಬೇಡ. ಊಟದ ಗೊಡವೆ ಬೇಡದವರಿಗೆ ಟಡಾಲಫಿಲ್ ಇದೆ, ಅದರ ಪರಿಣಾಮ 36 ಗಂಟೆಯವರೆಗೂ ಇರುತ್ತದೆ.

ಆದರೆ ಮೊದಲು ಹೃದಯ ನೋಡಬೇಕು. ಶಿಶ್ನದ ಅಪಧಮನಿ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು ನಾಲ್ಕು. ಒಂದೇ ದಪ್ಪದ ಕೊಬ್ಬು ಕಟ್ಟಿದರೂ ಸಣ್ಣದು ಮೊದಲು ಮುಚ್ಚುತ್ತದೆ. ಹೀಗಾಗಿ ಎಷ್ಟೋ ಜನರಲ್ಲಿ ಎದೆನೋವು ಬರುವ ಎರಡರಿಂದ ಐದು ವರ್ಷ ಮುಂಚೆಯೇ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ನಿಮ್ಮ ವಯಸ್ಸು, ಬೀಡಿ, ಬಿಪಿ ಸೇರಿಸಿ ನೋಡಿದರೆ ಇಸಿಜಿ, ಕೊಲೆಸ್ಟರಾಲ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆಗಳನ್ನು ಮುಂದೂಡುವಂತಿಲ್ಲ. ಎರಡು ಮಹಡಿ ಮೆಟ್ಟಿಲು ಸರಸರ ಹತ್ತಿದರೆ ಎದೆ ಬಿಗಿಯುವಂತಿದ್ದರೆ, ಕೂಡುವುದನ್ನೂ ಮಾತ್ರೆಯನ್ನೂ ಹೃದಯ ಪರೀಕ್ಷೆಯಾಗುವವರೆಗೆ ನಿಲ್ಲಿಸಿ. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್, ಅಥವಾ ಯಾವುದೇ ನೈಟ್ರೇಟ್ ಮಾತ್ರೆ ತಗೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು, ಬಿಪಿ ಪ್ರಾಣಕ್ಕೆ ಎರವಾಗುವಷ್ಟು ಬೀಳುತ್ತದೆ. ‘ಗಿಡಮೂಲಿಕೆಯದು’ ಎಂದು ಮಾರುವ ಪುಡಿ, ಕ್ಯಾಪ್ಸೂಲುಗಳಲ್ಲೂ ಹೇಳದೆ ಇದನ್ನೇ ಬೆರೆಸಿರುವುದು ಹಲವು ಬಾರಿ ಪತ್ತೆಯಾಗಿದೆ. ಮಾತ್ರೆ ತಗೊಂಡ ಮೇಲೆ ಎದೆನೋವು ಬಂದು ಆಸ್ಪತ್ರೆಗೆ ಹೋದರೆ, ನಾಚಿಕೆ ಬದಿಗಿಟ್ಟು ಯಾವ ಮಾತ್ರೆ, ಎಷ್ಟು ಹೊತ್ತಿಗೆ ತಗೊಂಡಿರಿ ಎಂದು ಮೊದಲು ಹೇಳಿ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ.

ಮೂರು ತಿಂಗಳ ನಂತರ ಎಚ್‌ಬಿಎ1ಸಿ ಮತ್ತೆ ನೋಡುವ ದಿನ ಬೆಳಗಿನ ನಿಮಿರುವಿಕೆ ಮರಳಿದೆಯೇ ಎಂದೂ ಹೇಳಿ, ನರ, ರಕ್ತನಾಳ ಚೇತರಿಸುತ್ತಿದ್ದರೆ ಅದರ ಸುಳಿವು ಅಲ್ಲಿ ಸಿಗಬಹುದು. ಆರು ತಿಂಗಳಿಗೂ ಏನೂ ಬದಲಾಗದಿದ್ದರೆ ಮೂತ್ರರೋಗ ತಜ್ಞರ ಬಳಿ ಹೋಗಿ. ನರದ ಹಂಗಿಲ್ಲದೆ ಕೆಲಸ ಮಾಡುವ ನಿರ್ವಾತ ಪಂಪು, ಶಿಶ್ನಕ್ಕೇ ಕೊಡುವ ಆಲ್‌ಪ್ರೋಸ್ಟಾಡಿಲ್ ಇಂಜೆಕ್ಷನ್, ಕೊನೆಗೆ ಒಳಗೆ ಕೂರಿಸುವ ಇಂಪ್ಲಾಂಟ್, ಇವೆಲ್ಲ ಅವರ ಕೈಯಲ್ಲಿವೆ. ಇಂಜೆಕ್ಷನ್ನಿನ ನಂತರವಾಗಲಿ ಮಾತ್ರೆಯ ನಂತರವಾಗಲಿ ನಿಮಿರುವಿಕೆ ನಾಲ್ಕು ಗಂಟೆ ದಾಟಿದರೂ ಇಳಿಯದಿದ್ದರೆ ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ಒಳಗೆ ಸಿಕ್ಕಿಬಿದ್ದ ರಕ್ತದಲ್ಲಿ ಆಮ್ಲಜನಕ ಮುಗಿದು ಸ್ಪಂಜು ನಾರುಗಟ್ಟಿ ಶಾಶ್ವತವಾಗಿ ಕೆಟ್ಟುಹೋಗಬಹುದು.