ನ್ಯೂಸ್‌ಲೆಟರ್‌ನ ಉದ್ದುದ್ದ ಪ್ಯಾರಾ ಒಡೆಯುವುದು ಎಲ್ಲಿಂದ?

ಪ್ರಶ್ನೆ: ನಮ್ಮ ಸಂಘದ ತಿಂಗಳ ನ್ಯೂಸ್‌ಲೆಟರ್ ನಾನೇ ಬರೆಯೋದು. ಎಲ್ಲಾ ಉದ್ದುದ್ದ ಪ್ಯಾರಾಗಳು, ಯಾರೂ ಓದ್ತಿಲ್ಲ. ಉಪಶೀರ್ಷಿಕೆ ಹಾಕಿ, ವಾಕ್ಯ ಚಿಕ್ಕದು ಮಾಡಿ, ಪಟ್ಟಿ ಮಾಡಿ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉಪಶೀರ್ಷಿಕೆಯಿಂದ ಮಾತ್ರ ಶುರು ಮಾಡಬೇಡಿ. ಅದು ಕೊನೆಯ ಕೆಲಸ. ಇರುವ ಪ್ಯಾರಾವನ್ನು ಹಾಗೇ ಬಿಟ್ಟು ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಅಂಟಿಸಿದರೆ ಒಳಗಿನ ಗೋಜಲು ಹಾಗೇ ಇರುತ್ತದೆ.

ಹಳೇ ಸಂಚಿಕೆಯ ಒಂದು ಪುಟ ಪ್ರಿಂಟ್ ತೆಗೆದುಕೊಳ್ಳಿ. ಪ್ರತಿ ಪ್ಯಾರಾದ ಪಕ್ಕ, ಇದನ್ನು ಓದಿದವರು ಏನು ಮಾಡಬೇಕು ಅಥವಾ ಏನು ತಿಳಿದುಕೊಳ್ಳಬೇಕು ಅಂತ ನಾಲ್ಕೈದು ಪದಗಳಲ್ಲಿ ಬರೆಯಿರಿ. ಒಂದೇ ಪ್ಯಾರಾಕ್ಕೆ ಎರಡು ಮೂರು ಉತ್ತರ ಬಂದರೆ ಅದು ಒಡೆಯಬೇಕಾದ ಪ್ಯಾರಾ. ಏನೂ ಬರೆಯಲು ತೋಚದಿದ್ದರೆ ಸುಮ್ನೆ ತೆಗೆದುಹಾಕಿ, ಯಾರೂ ಕೇಳುವುದಿಲ್ಲ.

ಒಂದು ಮಾದರಿ ನೋಡೋಣ. ಸಂಘಗಳ ನ್ಯೂಸ್‌ಲೆಟರ್‌ಗಳಲ್ಲಿ ಇಂಥ ವಾಕ್ಯ ಮಾಮೂಲು:

> ಕಳೆದ ವಾರ್ಷಿಕ ಸಭೆಯಲ್ಲಿ ಕೈಗೊಂಡ ನಿರ್ಣಯದಂತೆ ಸದಸ್ಯತ್ವ ನವೀಕರಣವನ್ನು ಈ ಬಾರಿಯಿಂದ ಆನ್‌ಲೈನ್ ಮೂಲಕವೇ ಮಾಡಲು ತೀರ್ಮಾನಿಸಲಾಗಿದ್ದು, ಹಳೆಯ ಸದಸ್ಯತ್ವ ಸಂಖ್ಯೆ, ಇತ್ತೀಚಿನ ಭಾವಚಿತ್ರ ಹಾಗೂ ವಿಳಾಸದ ದಾಖಲೆಯೊಂದಿಗೆ ಜೂನ್ 30ರೊಳಗೆ ಫಾರ್ಮ್ ಭರ್ತಿ ಮಾಡದ ಸದಸ್ಯರಿಗೆ ಜುಲೈನಲ್ಲಿ ನಡೆಯುವ ಪದಾಧಿಕಾರಿಗಳ ಚುನಾವಣೆಯಲ್ಲಿ ಮತ ಚಲಾಯಿಸುವ ಅವಕಾಶ ಇರುವುದಿಲ್ಲವೆಂದೂ, ಆನ್‌ಲೈನ್ ಸೌಲಭ್ಯ ಇಲ್ಲದವರು ಕಚೇರಿಯಿಂದ ಕಾಗದದ ಫಾರ್ಮ್ ಪಡೆಯಬಹುದೆಂದೂ ಈ ಮೂಲಕ ತಿಳಿಸಲಾಗಿದೆ.

ಇಷ್ಟೂ ಒಂದೇ ವಾಕ್ಯ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ವಾ, ಹಾಗಾಗಿ ವಾಕ್ಯ ಉದ್ದವಾದಷ್ಟೂ ಓದುವವರು ಸಂಖ್ಯೆ, ಭಾವಚಿತ್ರ, ದಾಖಲೆ, ದಿನಾಂಕ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು, ಇದರಿಂದ ಏನಾಗುತ್ತದೆ ಅಂತ ಕಾಯಬೇಕು. ಕಾದು ಕಾದು ಕೊನೆಗೆ ಸಿಗುವ ಕ್ರಿಯಾಪದ ಯಾವುದು? 'ತಿಳಿಸಲಾಗಿದೆ'. ಅದರಲ್ಲಿ ಏನೂ ಇಲ್ಲ.

ಎಲ್ಲಿ ಕತ್ತರಿಸಬೇಕು ಅಂತ ವಾಕ್ಯವೇ ತೋರಿಸುತ್ತದೆ. 'ತೀರ್ಮಾನಿಸಲಾಗಿದ್ದು' ಅಂತ ಅಲ್ಪವಿರಾಮ ಹಾಕಿದ ಕಡೆ ಪೂರ್ಣವಿರಾಮ ಹಾಕಬಹುದು. 'ಎಂದೂ... ಎಂದೂ' ಅಂದರೆ ಅಲ್ಲಿ ಎರಡು ಬೇರೆ ವಿಷಯಗಳಿವೆ. 'ಭರ್ತಿ ಮಾಡದ ಸದಸ್ಯರಿಗೆ' ಅನ್ನುವಲ್ಲಿ ಒಂದು ಷರತ್ತು ಅಡಗಿದೆ, ಅದನ್ನು 'ಭರ್ತಿ ಮಾಡದಿದ್ದರೆ' ಅಂತ ಬಿಡಿಸಿದ ಕೂಡಲೇ ವಾಕ್ಯ ಹಗುರಾಗುತ್ತದೆ.

ಹೀಗೆ ಬಿಡಿಸುವಾಗ ಇನ್ನೊಂದು ಗೊಂದಲ ಬಯಲಾಗುತ್ತದೆ. ಮೊದಲಲ್ಲಿ 'ಆನ್‌ಲೈನ್ ಮೂಲಕವೇ' ಅಂದಿದೆ, ಕೊನೆಯಲ್ಲಿ ಕಾಗದದ ಫಾರ್ಮೂ ಇದೆ ಅಂದಿದೆ. ಎರಡೂ ಒಟ್ಟಿಗೆ ನಿಜ ಇರಲು ಸಾಧ್ಯವಿಲ್ಲ. ಕಾಗದದ ಫಾರ್ಮಿಗೂ ಜೂನ್ 30 ಕೊನೆಯಾ, ಅದನ್ನು ಎಲ್ಲಿ ಕೊಡಬೇಕು, ಅದೂ ಇಲ್ಲ. ಉದ್ದ ವಾಕ್ಯದಲ್ಲಿ ಇದು ಬರೆದವರಿಗೂ ಕಂಡಿರುವುದಿಲ್ಲ. ಸಂಘದ ಕಾರ್ಯದರ್ಶಿಯನ್ನು ಕೇಳಿ, ಉತ್ತರ ಬಂದ ಮೇಲೆ ಬರೆಯಿರಿ. ಕಾಗದದ ಫಾರ್ಮಿಗೂ ಅದೇ ದಿನ, ಕಚೇರಿಯಲ್ಲೇ ಕೊಡಬೇಕು ಅಂದರು ಅಂತಿಟ್ಟುಕೊಂಡರೆ, ಹೀಗಾಗುತ್ತದೆ:

> ಸದಸ್ಯತ್ವ ನವೀಕರಣಕ್ಕೆ ಜೂನ್ 30 ಕೊನೆ ದಿನ
>
> ಅಷ್ಟರೊಳಗೆ ಫಾರ್ಮ್ ತುಂಬದಿದ್ದರೆ ಜುಲೈ ಚುನಾವಣೆಯಲ್ಲಿ ಮತ ಹಾಕಲು ಆಗುವುದಿಲ್ಲ. ಈ ಸಲದಿಂದ ಫಾರ್ಮ್ ಆನ್‌ಲೈನ್‌ನಲ್ಲಿದೆ. ಆನ್‌ಲೈನ್ ಆಗದವರು ಕಚೇರಿಯಿಂದ ಕಾಗದದ ಫಾರ್ಮ್ ಪಡೆದು ಅಲ್ಲೇ ಕೊಡಬಹುದು. ಅದಕ್ಕೂ ಜೂನ್ 30 ಕೊನೆ.
>
> ತುಂಬುವಾಗ ಇವು ಜೊತೆಗಿರಲಿ:
> - ಹಳೆಯ ಸದಸ್ಯತ್ವ ಸಂಖ್ಯೆ
> - ಇತ್ತೀಚಿನ ಫೋಟೋ
> - ವಿಳಾಸದ ದಾಖಲೆ

ಕಳೆದ ಸಭೆಯ ನಿರ್ಣಯದ ಮಾತು ಬಿದ್ದುಹೋಯಿತು, ಗಮನಿಸಿದಿರಾ? ಬೇಕೇ ಬೇಕು ಅಂದರೆ ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಹಾಕಿ, ಮೊದಲ ಸಾಲಿನಲ್ಲಿ ಬೇಡ.

ಈಗ ಉಪಶೀರ್ಷಿಕೆ. 'ಸದಸ್ಯತ್ವ' ಅಂತಷ್ಟೇ ಬರೆದಿದ್ದರೆ ಅದು ಫೈಲಿನ ಮೇಲಿನ ಚೀಟಿ ಆಗುತ್ತಿತ್ತು. ಒಳಗೆ ಏನಿದೆ ಅಂತ ನೋಡಲು ಒಳಗೇ ಹೋಗಬೇಕು. ಉಪಶೀರ್ಷಿಕೆಯೇ ಸುದ್ದಿ ಹೇಳಬೇಕು. ಕಣ್ಣಾಡಿಸುವವರು ಪ್ರತಿ ಸಾಲಿನ ಮೊದಲ ಒಂದೆರಡು ಪದ ನೋಡಿ ಮುಂದೆ ಹೋಗುತ್ತಾರೆ, ಆದ್ದರಿಂದ ವಿಷಯದ ಪದ ಮುಂದೆ ಇರಲಿ. 'ಎಲ್ಲಾ ಸದಸ್ಯರ ಗಮನಕ್ಕೆ' ಅಂತ ಶುರು ಮಾಡಿದರೆ ಆ ಜಾಗವೇ ದಂಡ. ಇದು ಹೊಸ ಸಂಗತಿಯೂ ಅಲ್ಲ. ಜನ ವೆಬ್ ಪುಟಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 1997ರಲ್ಲೇ ಬರೆದಿದ್ದರು: ಅವರ ಪರೀಕ್ಷೆಗಳಲ್ಲಿ ಹೊಸ ಪುಟ ತೆರೆದವರಲ್ಲಿ ಶೇ. 79ರಷ್ಟು ಜನ ಬರೀ ಕಣ್ಣಾಡಿಸಿದರು, ಪದ ಪದ ಓದಿದವರು ಶೇ. 16 ಮಾತ್ರ. ಅದು ವೆಬ್ ಪುಟದ ಲೆಕ್ಕ, ಆದರೆ ಇಮೇಲ್ ಓದುವಾಗ ಜನರಿಗೆ ಜಾಸ್ತಿ ತಾಳ್ಮೆ ಬರುತ್ತದೆ ಅಂತ ನನಗಂತೂ ಅನಿಸುವುದಿಲ್ಲ.

ಎಲ್ಲಾ ಬರೆದಾದ ಮೇಲೆ ಉಪಶೀರ್ಷಿಕೆಗಳನ್ನಷ್ಟೇ ಮೇಲಿಂದ ಕೆಳಕ್ಕೆ ಓದಿ. ಈ ತಿಂಗಳ ಸುದ್ದಿ ಏನು ಅಂತ ಅಷ್ಟರಿಂದಲೇ ತಿಳಿಯಬೇಕು. ತಿಳಿಯದಿದ್ದರೆ ಅವನ್ನೇ ತಿದ್ದಿ. ಹಾಂ, ಅಕ್ಷರ ದಪ್ಪ ಮಾಡಿ ಸೈಜ್ ಏರಿಸಿ ಬಿಡಬೇಡಿ. ನಿಮ್ಮ ಎಡಿಟರ್‌ನಲ್ಲಿ ಹೆಡಿಂಗ್ ಸ್ಟೈಲ್ ಇದ್ದರೆ ಅದನ್ನೇ ಬಳಸಿ. ದೃಷ್ಟಿದೋಷ ಇರುವವರು ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಒಂದು ಹೆಡಿಂಗ್‌ನಿಂದ ಇನ್ನೊಂದಕ್ಕೆ ಜಿಗಿಯಬಹುದು, ಬರೀ ದಪ್ಪಕ್ಷರವನ್ನು ಅದು ಹೆಡಿಂಗ್ ಅಂತ ಗುರುತಿಸುವುದಿಲ್ಲ.

ಪಟ್ಟಿಯ ವಿಷಯದಲ್ಲಿ ಸ್ವಲ್ಪ ಕೈ ಬಿಗಿ ಇರಲಿ. ಈ ರುಚಿ ಹತ್ತಿದವರು ಆಮೇಲೆ ಎಲ್ಲವನ್ನೂ ಚುಕ್ಕೆ ಹಾಕಿ ಇಳಿಸುತ್ತಾರೆ, ಅಧ್ಯಕ್ಷರ ಮಾತನ್ನೂ ಬಿಡುವುದಿಲ್ಲ. ಒಂದೇ ಜಾತಿಯ ವಸ್ತುಗಳು, ಅಕ್ಕಪಕ್ಕ ಇಟ್ಟರೆ ಸಾಕು ಅನ್ನುವಂಥವು, ಪಟ್ಟಿಗೆ ಸರಿ. ಒಂದಾದ ಮೇಲೆ ಒಂದು ಮಾಡಬೇಕಾದ ಹೆಜ್ಜೆಗಳಿದ್ದರೆ ಚುಕ್ಕೆ ಬದಲು ಅಂಕಿ ಹಾಕಿ. ಆದರೆ ಶುಲ್ಕ ಯಾಕೆ ಏರಿಸಿದರು, ಕಾರ್ಯಕ್ರಮ ಯಾಕೆ ಮುಂದೂಡಿದರು ಅನ್ನುವ ವಿವರಣೆ ಪಟ್ಟಿಯಲ್ಲಿ ನಿಲ್ಲುವುದಿಲ್ಲ. 'ಖರ್ಚು ಹೆಚ್ಚಿದೆ', 'ಸದಸ್ಯರು ಕಡಿಮೆಯಾಗಿದ್ದಾರೆ', 'ಶುಲ್ಕ ಏರಿಕೆ' ಅಂತ ಮೂರು ಚುಕ್ಕೆ ಹಾಕಿದರೆ ಯಾವುದರಿಂದ ಯಾವುದು ಆಯಿತು ಅನ್ನುವ ಕೊಂಡಿಯೇ ಕಳಚಿಹೋಗುತ್ತದೆ. ಅದನ್ನು 'ಆದ್ದರಿಂದ', 'ಆದರೂ' ಇರುವ ಪ್ಯಾರಾದಲ್ಲೇ ಬರೆಯಿರಿ, ಮೂರು ನಾಲ್ಕು ವಾಕ್ಯದಲ್ಲಿ ಮುಗಿಸಿ. ಪಟ್ಟಿಯ ಸಾಲುಗಳು ಒಂದೇ ಅಚ್ಚಿನಲ್ಲಿರಲಿ: ಒಂದು 'ಫೋಟೋ', ಮುಂದಿನದು 'ದಾಖಲೆಯನ್ನು ತರತಕ್ಕದ್ದು' ಅಂತಾದರೆ ಓದುವವರು ಎಡವುತ್ತಾರೆ.

ಚಿಕ್ಕ ವಾಕ್ಯಕ್ಕೂ ಮಿತಿ ಇದೆ. ಎಲ್ಲವನ್ನೂ ನಾಲ್ಕು ನಾಲ್ಕು ಪದಕ್ಕೆ ಕತ್ತರಿಸಿದರೆ ಗದರಿಸಿದ ಹಾಗೆ ಕೇಳಿಸುತ್ತದೆ. ಜೋರಾಗಿ ಓದಿ ನೋಡಿ, ಉಸಿರು ಸಾಲದ ಕಡೆ ಒಡೆಯಿರಿ, ಮಾತು ತಾನಾಗಿ ಹರಿಯುವ ಕಡೆ ಬಿಡಿ.

ಸುಧಾರಿಸಿತಾ ಅಂತ ತಿಳಿಯಲು ಓಪನ್ ರೇಟ್, ಅಂದರೆ ಶೇಕಡಾ ಎಷ್ಟು ಜನ ಮೇಲ್ ತೆರೆದರು ಅನ್ನುವ ಲೆಕ್ಕ, ನೋಡಬೇಡಿ. ಆ್ಯಪಲ್ 2021ರಲ್ಲಿ ತನ್ನ ಮೇಲ್ ಆ್ಯಪ್‌ಗೆ ಗೌಪ್ಯತೆಯ ಸೌಲಭ್ಯ ತಂದಾಗಿನಿಂದ, ಅದನ್ನು ಆನ್ ಮಾಡಿಕೊಂಡವರು ಮೇಲ್ ಓದದಿದ್ದರೂ ಅದರ ಚಿತ್ರಗಳು ಮೊದಲೇ ಲೋಡ್ ಆಗುತ್ತವೆ, ಲೆಕ್ಕದಲ್ಲಿ ತೆರೆದಂತೆ ಬರುತ್ತದೆ. ತೆರೆದರೂ ಓದಿದರು ಅಂತಲ್ಲವಲ್ಲ. ಅದರ ಬದಲು ಈ ಸಂಘದ ಗಂಧಗಾಳಿ ಇಲ್ಲದ ಒಬ್ಬರ ಕೈಗೆ ಫೋನಿನಲ್ಲೇ ಸಂಚಿಕೆ ಕೊಡಿ. 'ನವೀಕರಣಕ್ಕೆ ಏನೇನು ಬೇಕು?' ಅಂತ ಕೇಳಿ ಸುಮ್ಮನಿರಿ. ಬೆರಳು ಸೀದಾ ಅಲ್ಲಿಗೆ ಹೋಗಿ ನಿಂತರೆ ಸರಿ. ಮೇಲೆ ಕೆಳಗೆ ಓಡಾಡಿದರೆ ಉಪಶೀರ್ಷಿಕೆ ಸರಿಯಿಲ್ಲ.

ನ್ಯೂಸ್‌ಲೆಟರ್ ಹೋದ ಮೇಲೆ ಬರುವ ಪ್ರಶ್ನೆಗಳನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ. ಸಂಚಿಕೆಯಲ್ಲೇ ಉತ್ತರ ಇದ್ದೂ 'ಕೊನೆ ದಿನ ಯಾವತ್ತು?' ಅಂತ ಮತ್ತೆ ಮತ್ತೆ ಬಂದರೆ, ಮುಂದಿನ ಸಲ ಅವರು ಕೇಳಿದ ಮಾತನ್ನೇ ಉಪಶೀರ್ಷಿಕೆ ಮಾಡಿಬಿಡಿ.